‘ನಾಳೆ ಪಕ್ಕಾ ಮೇಡಂ’: ಕಂಟ್ರಾಕ್ಟರ್ ಚಾಟ್ ಓದುವುದು ಹೇಗೆ?

ಮನೆ ರಿಪೇರಿಗೆ ಕೈ ಹಾಕಿದವರ ಮೊಬೈಲಿನಲ್ಲಿ ಒಂದು ಚಾಟ್ ಇದ್ದೇ ಇರುತ್ತದೆ. ಮೊದಲ ವಾರದಲ್ಲಿ ಅದರ ತುಂಬ ಟೈಲ್ಸ್ ಫೋಟೊ, ನಲ್ಲಿಯ ಮಾದರಿ, ಅಳತೆ, ಕೈ ಮುಗಿಯುವ ಎಮೋಜಿ. ಎರಡನೇ ತಿಂಗಳ ಹೊತ್ತಿಗೆ ಅದೇ ಚಾಟಿನಲ್ಲಿ ಒಂದು ಕಡೆಯಿಂದ ‘ಇವತ್ತೂ ಯಾರೂ ಬಂದಿಲ್ಲ’, ಇನ್ನೊಂದು ಕಡೆಯಿಂದ ‘ನಾಳೆ ಪಕ್ಕಾ ಮೇಡಂ’ ಎಂಬ ಎರಡೇ ಮಾತು ಉಳಿದಿರುತ್ತವೆ. ಮನೆಯವರಿಗೆ ಕಂಟ್ರಾಕ್ಟರ್ ಹೇಳುವುದೆಲ್ಲ ಸುಳ್ಳೆನ್ನಿಸುತ್ತದೆ. ಅವನಿಗೆ ಇವರಿಗೆ ಕೆಲಸದ ಕಷ್ಟವೇ ತಿಳಿಯದು ಎನ್ನಿಸುತ್ತದೆ. ಕೊನೆಯ ಬಿಲ್ಲಿನ ಹೊತ್ತಿಗೆ ಇಬ್ಬರೂ ದನಿ ಏರಿಸುತ್ತಾರೆ, ಆದರೆ ಯಾವ ದಿನ ಯಾರಿಂದ ಹೋಯಿತು ಎಂಬ ಲೆಕ್ಕ ಇಬ್ಬರ ಬಳಿಯೂ ಇರುವುದಿಲ್ಲ.

ಆ ಲೆಕ್ಕ ಬಹುಮಟ್ಟಿಗೆ ಚಾಟಿನಲ್ಲೇ ಇರುತ್ತದೆ. ಅದನ್ನು ಹೊರತೆಗೆಯಲು ಕಂಟ್ರಾಕ್ಟರ್ ಸತ್ಯವಂತನೋ ಸುಳ್ಳುಗಾರನೋ ಎಂದು ತೀರ್ಮಾನಿಸಬೇಕಾಗಿಲ್ಲ. ಹಾಗೆ ತೀರ್ಮಾನಿಸಲು ಹೊರಟರೆ ಲೆಕ್ಕವೇ ಕೆಡುತ್ತದೆ. ಏಕೆಂದರೆ ನೆಪಗಳಲ್ಲಿ ಹೆಚ್ಚಿನವು ಸುಳ್ಳಲ್ಲ. ಮಳೆ ಬಂದದ್ದು ನಿಜ, ಕರೆಂಟು ಹೋದದ್ದು ನಿಜ, ಮೇಸ್ತ್ರಿ ಊರಿಗೆ ಹೋದದ್ದೂ ಅನೇಕ ಸಲ ನಿಜ. ನೋಡಬೇಕಾದದ್ದು, ಆ ನಿಜದಿಂದ ಆ ದಿನದ ಆ ಕೆಲಸ ನಿಂತಿತೇ ಎಂಬುದನ್ನು.

ಒಂದು ಮಾದರಿಯನ್ನು ಇಟ್ಟುಕೊಂಡು ನೋಡೋಣ. ಇದು ಯಾರೊಬ್ಬರ ಮನೆಯ ಕಥೆಯೂ ಅಲ್ಲ. ಬೆಂಗಳೂರಿನ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಮತ್ತೆ ಮತ್ತೆ ನಡೆಯುವುದನ್ನು ಸೇರಿಸಿ ಕಟ್ಟಿಕೊಂಡದ್ದು. ಎರಡನೇ ಮಹಡಿಯ ಫ್ಲ್ಯಾಟ್, ಕಟ್ಟಿ ಇಪ್ಪತ್ತು ವರ್ಷ ದಾಟಿದೆ. ಎರಡು ಬಾತ್‌ರೂಂ ಒಡೆದು ಹೊಸದಾಗಿ ಮಾಡಬೇಕು, ಅಡುಗೆಮನೆಯ ಕಟ್ಟೆ ಬದಲಿಸಬೇಕು, ಯುಟಿಲಿಟಿಯ ಹೊರಗೋಡೆಗೆ ಗಾರೆ ಮಾಡಿಸಬೇಕು. ಮನೆಯವರು ಅಲ್ಲೇ ವಾಸವಿರುವುದರಿಂದ ಎರಡೂ ಬಾತ್‌ರೂಂ ಒಟ್ಟಿಗೆ ಒಡೆಯುವಂತಿಲ್ಲ. ಒಂದು ಮುಗಿದ ಮೇಲೆ ಇನ್ನೊಂದು. ಜೂನ್ 3ಕ್ಕೆ ಶುರು, 45 ದಿನದಲ್ಲಿ ಅಂದರೆ ಜುಲೈ 17ಕ್ಕೆ ಮುಗಿಸುವುದು ಎಂಬ ಮಾತು. ನಿಜಕ್ಕೂ ಮುಗಿದದ್ದು ಆಗಸ್ಟ್ 27ಕ್ಕೆ. 41 ದಿನ ತಡ. ಈ 41 ದಿನ ಎಲ್ಲಿ ಹೋದವು?

ಮೊದಲು ಕೆಲಸದ ಸರಪಳಿ

ಚಾಟ್ ಓದುವ ಮೊದಲು ಕೆಲಸ ಯಾವ ಕ್ರಮದಲ್ಲಿ ನಡೆಯಬೇಕಿತ್ತು ಎಂಬುದು ಗೊತ್ತಿರಬೇಕು. ಬಾತ್‌ರೂಮಿನಲ್ಲಿ ಮೊದಲು ಹಳೆಯ ಟೈಲ್ಸ್, ಗಾರೆ ಒಡೆಯುತ್ತಾರೆ. ಆಮೇಲೆ ಪ್ಲಂಬರ್ ಗೋಡೆಯೊಳಗೆ ಹೊಸ ಪೈಪ್ ಎಳೆದು, ಒತ್ತಡ ಕೊಟ್ಟು, ಎಲ್ಲೂ ಸೋರುತ್ತಿಲ್ಲ ಎಂದು ನೋಡುತ್ತಾನೆ. ಬಳಿಕ ಗೋಡೆಗೆ ಗಾರೆ, ನೆಲಕ್ಕೂ ಗೋಡೆಯ ಬುಡಕ್ಕೂ ವಾಟರ್‌ಪ್ರೂಫಿಂಗ್. ಅದು ಒಣಗಿದ ಮೇಲೆ ನೆಲದ ಮೇಲೆ ನೀರು ಕಟ್ಟಿ, ಕನಿಷ್ಠ 24 ಗಂಟೆ, ಹಲವರು 48 ಗಂಟೆ, ಹಾಗೇ ಬಿಟ್ಟು ಕೆಳಮನೆಯ ಚಾವಣಿಯಲ್ಲಿ ತೇವ ಕಾಣುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಅದು ಪಾಸಾದ ಮೇಲೆ ಟೈಲ್ಸ್, ಸಂದು ತುಂಬುವುದು, ಕೊನೆಗೆ ನಲ್ಲಿ, ಕಮೋಡು, ಕನ್ನಡಿ.

ಈ ಸರಪಳಿಯಲ್ಲಿ ಹಿಂದಿನದು ಮುಗಿಯದೆ ಮುಂದಿನದಕ್ಕೆ ಕೈ ಹಾಕುವಂತಿಲ್ಲ. ಹಾಗಾಗಿ ಕೆಲವು ದಿನ ಮನೆಯಲ್ಲಿ ಯಾರೂ ಇಲ್ಲದಿರುವುದೇ ಸರಿಯಾದ ಕೆಲಸ. ವಾಟರ್‌ಪ್ರೂಫಿಂಗ್‌ನ ಒಂದು ಕೋಟ್ ಒಣಗದೆ ಇನ್ನೊಂದು ಹೊಡೆದರೆ, ಗಾರೆಗೆ ನೀರುಣಿಸುವ ದಿನಗಳನ್ನು ಕಡಿಮೆ ಮಾಡಿದರೆ, ಎರಡು ವರ್ಷದ ನಂತರ ಕೆಳಮನೆಯವರು ಬಂದು ಬಾಗಿಲು ತಟ್ಟುತ್ತಾರೆ. ‘ಇವತ್ತು ಒಣಗಬೇಕು ಮೇಡಂ, ಯಾರೂ ಬರಲ್ಲ’ ಎಂದು ಬಂದ ಸಂದೇಶಕ್ಕೆ ಕೋಪಿಸಿಕೊಳ್ಳುವ ಮನೆಯವರು ಒಳ್ಳೆಯ ಕಂಟ್ರಾಕ್ಟರನ ಮೇಲೆ ಕೋಪಿಸಿಕೊಂಡಿರುತ್ತಾರೆ. ಆದರೆ ಈ ಒಣಗುವ ದಿನಗಳು ಮೊದಲೇ ಗೊತ್ತಿರುವಂಥವು. 45 ದಿನ ಎಂದು ಮಾತು ಕೊಡುವಾಗಲೇ ಅವು ಅದರೊಳಗೆ ಸೇರಿರಬೇಕು. ಜುಲೈ ಕೊನೆಯಲ್ಲಿ ‘ವಾಟರ್‌ಪ್ರೂಫಿಂಗ್ ಒಣಗೋಕೆ ಒಂದು ವಾರ ಹೋಯ್ತಲ್ಲ ಮೇಡಂ’ ಎಂದು ಅದನ್ನು ತಡದ ಲೆಕ್ಕಕ್ಕೆ ತಂದರೆ, ಒಂದೇ ವಾರವನ್ನು ಎರಡು ಸಲ ಎಣಿಸಿದ ಹಾಗೆ.

ಚಾಟನ್ನು ಕಾಗದಕ್ಕೆ ಇಳಿಸುವುದು

ಮೊಬೈಲಿನಲ್ಲಿ ಬೆರಳಿನಿಂದ ಮೇಲೆ ಕೆಳಗೆ ತಳ್ಳುತ್ತ ಓದಿದರೆ ನೆನಪಿನಲ್ಲಿ ಉಳಿಯುವುದು ಸಿಟ್ಟು ಬಂದ ದಿನಗಳು ಮಾತ್ರ. ವಾಟ್ಸ್‌ಆ್ಯಪ್‌ನಲ್ಲಿ ಆ ಚಾಟ್ ತೆರೆದು ಮೆನುವಿನಲ್ಲಿ `Export chat` ಒತ್ತಿದರೆ ಇಡೀ ಮಾತುಕತೆ ದಿನಾಂಕ, ಗಂಟೆ ಸಮೇತ ಒಂದು ಕಡತವಾಗಿ ಬರುತ್ತದೆ. ಅದನ್ನು ನಿಮ್ಮದೇ ಇಮೇಲಿಗೆ ಕಳಿಸಿಕೊಂಡು ಕಂಪ್ಯೂಟರಿನಲ್ಲಿ ತೆರೆಯಬಹುದು. `Without media` ಎಂದು ಆರಿಸಿದರೆ ಧ್ವನಿ ಸಂದೇಶಗಳು ಬರುವುದಿಲ್ಲ ಎಂಬುದು ನೆನಪಿರಲಿ. ಸೈಟಿನಲ್ಲಿ ಓಡಾಡುವವರು ಟೈಪ್ ಮಾಡುವುದಕ್ಕಿಂತ ಮಾತಾಡಿ ಕಳಿಸುವುದೇ ಹೆಚ್ಚು. ಮುಖ್ಯವಾದ ವಾಗ್ದಾನವೆಲ್ಲ ಆ ಧ್ವನಿಯಲ್ಲೇ ಇರುತ್ತದೆ. ಅವನ್ನು ಕೇಳಿ ಒಂದೊಂದು ಸಾಲಿನಲ್ಲಿ ಬರೆದುಕೊಳ್ಳಬೇಕು.

ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆಯಿರಿ. ತಾರೀಖು, ಆ ದಿನ ನಡೆಯಬೇಕಿದ್ದ ಕೆಲಸ, ಹೇಳಿದ ಕಾರಣ, ಕೊಟ್ಟ ಹೊಸ ತಾರೀಖು. ಕಾರಣದ ಪಕ್ಕದಲ್ಲಿ ಒಂದು ಸಣ್ಣ ಗುರುತು ಹಾಕಿ: ಅವನಾಗಿಯೇ ಹೇಳಿದ್ದೋ, ನೀವು ಕೇಳಿದ ಮೇಲೆ ಹೇಳಿದ್ದೋ. ಎರಡು ತಿಂಗಳ ಚಾಟ್ ನಾಲ್ಕೈದು ಪುಟಕ್ಕೆ ಇಳಿಯುತ್ತದೆ. ಬರೆಯುತ್ತ ಹೋದಂತೆ ಎರಡನೇ ಕಾಲಂನಲ್ಲೇ ನೀವು ಹೆಚ್ಚು ತಡಕಾಡುತ್ತೀರಿ. ಆ ದಿನ ಏನು ನಡೆಯಬೇಕಿತ್ತು ಎಂಬುದು ಚಾಟಿನಲ್ಲಿ ಎಲ್ಲೂ ಇರುವುದಿಲ್ಲ. ನೆಪ ಬಾಳುವುದು ಆ ಖಾಲಿ ಜಾಗದಲ್ಲೇ.

ಎರಡು ಸಂದೇಶ, ಎರಡು ಬಗೆ

ನಮ್ಮ ಮಾದರಿ ಚಾಟಿನ ಜೂನ್ 8ರ ಸಂದೇಶ ಹೀಗಿದೆ. ಸಮಯ ಬೆಳಿಗ್ಗೆ 9:40. ಮನೆಯವರು ಏನೂ ಕೇಳಿರಲಿಲ್ಲ.

‘ಮೇಡಂ, ಗೋಡೆ ಒಡೆದಾಗ ಹಳೇ ಜಿಐ ಪೈಪ್ ಪೂರ್ತಿ ತುಕ್ಕು ಹಿಡಿದಿರೋದು ಕಾಣ್ತು. ಫೋಟೊ ಹಾಕಿದ್ದೀನಿ. ಶಾಫ್ಟಿಂದ ಒಳಗಿನ ತನಕ ಬದಲಾಯಿಸ್ಬೇಕು. ಐದು ದಿನ ಜಾಸ್ತಿ ಆಗುತ್ತೆ. ಕಾಮನ್ ಲೈನ್ ನೀರು ನಿಲ್ಲಿಸೋಕೆ ಅಸೋಸಿಯೇಷನ್ ಪರ್ಮಿಷನ್ ನೀವು ತಗೋಬೇಕು. ರೇಟ್ ಸಂಜೆ ಹೇಳ್ತೀನಿ.’

ಜುಲೈ 8ರ ಮಾತುಕತೆ ಹೀಗಿದೆ. ಬೆಳಿಗ್ಗೆ 11:20ಕ್ಕೆ ಮನೆಯವರು: ‘ಇವತ್ತು ಯಾರೂ ಬಂದಿಲ್ಲವಲ್ಲ?’ ಮಧ್ಯಾಹ್ನ 1:45ಕ್ಕೆ ಉತ್ತರ: ‘ಮಳೆ ಮೇಡಂ. ಲೇಬರೆಲ್ಲ ರೂಮಲ್ಲೇ ಅವ್ರೆ. ನಾಳೆ ಪಕ್ಕಾ.’

ಮೊದಲನೆಯದರಲ್ಲಿ ನಿಂತ ಕೆಲಸ ಯಾವುದು, ಏಕೆ ನಿಂತಿತು, ಎಷ್ಟು ದಿನ ಬೇಕು, ಯಾರು ಏನು ಮಾಡಬೇಕು ಎಲ್ಲವೂ ಇದೆ. ಫೋಟೊ ಇದೆ. ಒಡೆದ ಗೋಡೆಯೂ ಕಣ್ಣೆದುರೇ ಇದೆ, ಹೋಗಿ ನೋಡಬಹುದು. ಹಳೆಯ ಕಟ್ಟಡದಲ್ಲಿ ಗೋಡೆಯೊಳಗಿನ ಪೈಪ್ ಹೇಗಿದೆ ಎಂಬುದು ಒಡೆಯದೆ ತಿಳಿಯುವುದಿಲ್ಲ. ಆ ಪೈಪನ್ನು ಹಾಗೇ ಬಿಟ್ಟು ಮೇಲೆ ಟೈಲ್ಸ್ ಹಾಕಿದ್ದರೆ ಗಡುವು ಉಳಿಯುತ್ತಿತ್ತು, ಮನೆ ಉಳಿಯುತ್ತಿರಲಿಲ್ಲ. ಐದು ದಿನ ಕೆಲಸಕ್ಕೆ, ಸಂಘದ ಒಪ್ಪಿಗೆಗೆ ಎರಡು ದಿನ, ಒಟ್ಟು ಏಳು ದಿನ ಹೋಯಿತು. ಇದು ಯಾರ ತಪ್ಪೂ ಅಲ್ಲ.

ಎರಡನೆಯದರಲ್ಲಿ ಮಳೆ ಇದೆ, ಕೆಲಸ ಇಲ್ಲ. ನೋಟ್‌ಬುಕ್ಕಿನ ಎರಡನೇ ಕಾಲಂ ನೋಡಿದರೆ ಆ ಸೋಮವಾರ ನಡೆಯಬೇಕಿದ್ದದ್ದು ಬಾತ್‌ರೂಮಿನ ಗೋಡೆಗೆ ಟೈಲ್ಸ್ ಅಂಟಿಸುವ ಕೆಲಸ. ಟೈಲ್ಸ್ ಮನೆಯೊಳಗಿದ್ದವು, ಅಂಟಿನ ಚೀಲಗಳೂ ಒಳಗಿದ್ದವು. ಎರಡನೇ ಮಹಡಿಯ ಬಾತ್‌ರೂಮಿನೊಳಗೆ ಮಳೆಗೇನು ಕೆಲಸ? ಅದೇ ವಾರ ಯುಟಿಲಿಟಿಯ ಹೊರಗೋಡೆಗೆ ಗಾರೆ ಮಾಡುವುದಿತ್ತು. ಹಸಿ ಗಾರೆಯ ಮೇಲೆ ಮಳೆ ಹೊಡೆದರೆ ಅದು ಕಿತ್ತು ಬರುತ್ತದೆ. ಅಲ್ಲಿ ಎರಡು ದಿನ ಹೋದದ್ದು ನ್ಯಾಯವಾದದ್ದೇ. ಒಂದೇ ಮಳೆ ಹೊರಗೋಡೆಗೆ ಕಾರಣ, ಒಳಗೋಡೆಗೆ ನೆಪ.

ಮಳೆ ನಿಜವಾಗಿ ಬಂತೋ ಎಂದು ತಿಳಿಯಬೇಕೆಂದರೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಹಿತಿ ಇದೆ. ಕರೆಂಟಿನ ಮಾತು ಬಂದರೆ ಬೆಸ್ಕಾಂ ಮೊದಲೇ ತಿಳಿಸುವ ವಿದ್ಯುತ್ ನಿಲುಗಡೆಯ ಪ್ರಕಟಣೆ ಇದೆ. ಆದರೆ ಅಷ್ಟು ದೂರ ಹೋಗುವ ಪ್ರಸಂಗ ಅಪರೂಪ. ‘ಇವತ್ತಿನ ಕೆಲಸ ಯಾವುದು, ಅದಕ್ಕೆ ಮಳೆ ಹೇಗೆ ಅಡ್ಡಿ?’ ಎಂದು ಕೇಳಿದರೆ ಸಾಕು. ನಿಜವಾದ ಕಾರಣವಿದ್ದವನು ಅದಕ್ಕೆ ಉತ್ತರ ಕೊಡುತ್ತಾನೆ. ‘ಟೈಲ್ಸ್ ಒಳಗಿದೆ ಮೇಡಂ, ಆದ್ರೆ ಹುಡುಗರು ಬೈಕಲ್ಲಿ ಹೊಸಕೋಟೆಯಿಂದ ಬರ್ಬೇಕು, ರೋಡಲ್ಲಿ ನೀರು ನಿಂತಿದೆ’ ಎಂದರೆ ಅದೂ ಒಂದು ಕಾರಣವೇ. ನೆಪ ಹೇಳುವವನು ಪ್ರಶ್ನೆ ಬಿಟ್ಟು ಇನ್ನೊಂದು ನೆಪಕ್ಕೆ ಹೋಗುತ್ತಾನೆ.

ಆಷಾಢದ ಮದುವೆ

ಜುಲೈ 15ಕ್ಕೆ ಮತ್ತೆ ಯಾರೂ ಬರಲಿಲ್ಲ. ಕೇಳಿದ್ದಕ್ಕೆ ಬಂದ ಉತ್ತರ: ‘ಮೇಸ್ತ್ರಿ ತಂಗಿ ಮದುವೆ ಮೇಡಂ, ಮೂರು ದಿನ.’ ಆಷಾಢದಲ್ಲಿ ಎಲ್ಲಿಯ ಮದುವೆ ಎಂದು ಮನೆಯವರಿಗೆ ಅಲ್ಲೇ ಸಿಟ್ಟು. ಆದರೆ ಆಷಾಢದ ಕಟ್ಟು ಎಲ್ಲ ಸಮುದಾಯಕ್ಕೂ ಇಲ್ಲ, ಎಲ್ಲ ಊರಿಗೂ ಇಲ್ಲ. ಕಥೆ ನಂಬುವಂತಿದೆಯೇ ಎಂದು ತೂಗುತ್ತ ಕೂತರೆ ಹೀಗೆ ಜಾರುತ್ತೇವೆ. ನಿಜವಾದ ಮದುವೆಯನ್ನು ಸುಳ್ಳೆನ್ನುತ್ತೇವೆ, ಚೆನ್ನಾಗಿ ಹೆಣೆದ ಸುಳ್ಳಿಗೆ ಅಯ್ಯೋ ಪಾಪ ಎನ್ನುತ್ತೇವೆ.

ಇಲ್ಲಿಯೂ ಕೇಳಬೇಕಾದದ್ದು ಬೇರೆ. ತಂಗಿಯ ಮದುವೆ ಹಿಂದಿನ ದಿನ ಗೊತ್ತಾಗುವ ಸಂಗತಿಯಲ್ಲ. ಮೊದಲೇ ಏಕೆ ತಿಳಿಸಲಿಲ್ಲ? ಮೂರು ದಿನಕ್ಕೆ ಬದಲಿ ಮೇಸ್ತ್ರಿ ಯಾರು? ಆಳುಗಳನ್ನು ಹೊಂದಿಸುವುದಕ್ಕೇ ಕಂಟ್ರಾಕ್ಟರ್ ಇರುವುದು. ಒಬ್ಬ ಮೇಸ್ತ್ರಿ ರಜೆ ಹಾಕಿದರೆ ಇಡೀ ಮನೆ ನಿಲ್ಲುತ್ತದೆ ಎಂದಾದರೆ ಮದುವೆ ನಿಜವಾದರೂ ಆ ದಿನಗಳು ಕಂಟ್ರಾಕ್ಟರನ ಲೆಕ್ಕಕ್ಕೇ ಹೋಗುತ್ತವೆ.

ಮುಂದೆ ಜುಲೈ 24ಕ್ಕೆ ಮೂರು ದಿನ ‘ಅವರಪ್ಪಂಗೆ ಹುಷಾರಿಲ್ಲ’, ಆಗಸ್ಟ್ 19ಕ್ಕೆ ಮೂರು ದಿನ ‘ಊರ ಹಬ್ಬ’. ನೋಟ್‌ಬುಕ್ಕಿನಲ್ಲಿ ಈ ಮೂರನ್ನೂ ಒಂದರ ಕೆಳಗೊಂದು ಇಟ್ಟರೆ ಒಂದು ಸಂಗತಿ ಕಾಣುತ್ತದೆ. ಕೆಲಸ ಮೊದಲ ಬಾತ್‌ರೂಮಿನಿಂದ ಎರಡನೆಯದಕ್ಕೆ, ಅಲ್ಲಿಂದ ಅಡುಗೆಮನೆಗೆ ಸಾಗಿದೆ, ಕಾರಣ ಮಾತ್ರ ಇದ್ದಲ್ಲೇ ಇದೆ. ನಿಜವಾದ ಕಾರಣಗಳು ಕೆಲಸದ ಜೊತೆಗೇ ಬದಲಾಗುತ್ತವೆ. ಒಡೆಯುವಾಗ ಹಳೆಯ ಪೈಪು, ನೀರು ಕಟ್ಟುವಾಗ ಸೋರಿಕೆ, ಟೈಲ್ಸ್ ಹೊತ್ತಿಗೆ ಬಣ್ಣ ಹೊಂದದ ಬ್ಯಾಚು, ಕೊನೆಯಲ್ಲಿ ಅಂಗಡಿಗೆ ಬಾರದ ನಲ್ಲಿ. ತುಕ್ಕು ಹಿಡಿದ ಪೈಪು ಒಮ್ಮೆ ಬದಲಾದರೆ ಮತ್ತೆ ಚಾಟಿನಲ್ಲಿ ಬರುವುದಿಲ್ಲ. ‘ಲೇಬರ್ ಇಲ್ಲ’ ಎಂಬುದು ಯಾವ ಹಂತದಲ್ಲಾದರೂ ಬರುತ್ತದೆ, ಎಷ್ಟು ಸಲವಾದರೂ ಬರುತ್ತದೆ.

ಹಾಗೆಂದು ಪುನರಾವರ್ತನೆಯನ್ನೇ ಸುಳ್ಳಿನ ಗುರುತೆಂದು ಹಿಡಿಯುವಂತಿಲ್ಲ. ಬೆಂಗಳೂರಿನ ಕಟ್ಟಡ ಕೆಲಸದಲ್ಲಿ ಬಿಹಾರ, ಒಡಿಶಾ, ಪಶ್ಚಿಮ ಬಂಗಾಳದಿಂದ ಬಂದವರು, ಉತ್ತರ ಕರ್ನಾಟಕದಿಂದ ಬಂದವರು ಬಹಳ. ಛಠ್, ಹೋಳಿ, ಯುಗಾದಿ, ಬಿತ್ತನೆಯ ಕಾಲ, ಊರಿನ ಚುನಾವಣೆ ಬಂದರೆ ಹತ್ತಾರು ಸೈಟು ಒಟ್ಟಿಗೆ ಬಿಕೋ ಎನ್ನುತ್ತವೆ. ಶನಿವಾರ ಬಟವಾಡೆಯಾದ ಮೇಲೆ ಸೋಮವಾರ ಆಳು ಕಡಿಮೆ ಬರುವುದೂ ಈ ಕಸುಬಿನಲ್ಲಿ ಮಾಮೂಲು. ಇವೆಲ್ಲ ಎಲ್ಲರಿಗೂ ಒಂದೇ ಹೊತ್ತಿಗೆ ತಟ್ಟುವ ತೊಂದರೆಗಳು. ಪಕ್ಕದ ಬ್ಲಾಕಿನಲ್ಲಿ ನಡೆಯುತ್ತಿರುವ ಇನ್ನೊಬ್ಬರ ಕೆಲಸವೂ ನಿಂತಿದ್ದರೆ ಕಾರಣ ಹೊರಗಿನದು. ನಿಮ್ಮ ಮನೆಯಲ್ಲಿ ಮಾತ್ರ ನಿಂತಿದ್ದರೆ ಕಾರಣ ನಿಮ್ಮ ಕಂಟ್ರಾಕ್ಟರನ ಬಳಿ ಇದೆ.

ಇದನ್ನು ತಿಳಿಯಲು ಒಂದು ಒಳ್ಳೆಯ ಸುಳಿವು ಟೈಲ್ಸ್ ಕಟ್ಟರ್. ಅನೇಕ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನು ಹೊರಗೆ ಹೋಗಬೇಕಾದರೆ ಗೇಟಿನಲ್ಲಿ ಪಾಸ್ ಬರೆಸಬೇಕು. ನಮ್ಮ ಮಾದರಿಯಲ್ಲಿ ಜುಲೈ 23ರ ಸಂಜೆ ಆ ಫ್ಲ್ಯಾಟಿನ ಹೆಸರಿನಲ್ಲಿ ಟೈಲ್ಸ್ ಕಟ್ಟರ್, ರಸಮಟ್ಟ, ಎರಡು ಬಾಂಡ್ಲಿ ಹೊರಗೆ ಹೋಗಿವೆ. ಮರುದಿನ ‘ಮೇಸ್ತ್ರಿ ಅಪ್ಪಂಗೆ ಹುಷಾರಿಲ್ಲ’. ಅಪ್ಪನನ್ನು ನೋಡಲು ಹೋಗುವವನು ಕಟ್ಟರ್ ಹೊತ್ತುಕೊಂಡು ಹೋಗುವುದಿಲ್ಲ. ಮೇಸ್ತ್ರಿ ನಿಜವಾಗಿಯೇ ಊರಿಗೆ ಹೋಗಿದ್ದು ಕಟ್ಟರ್ ಮಾತ್ರ ಇನ್ನೊಂದು ಸೈಟಿಗೆ ಹೋಗಿದೆ ಎಂದೇ ಇಟ್ಟುಕೊಳ್ಳಿ. ಆಗಲೂ ಅಲ್ಲಿ ಅದನ್ನು ಹಿಡಿಯುವ ಕೈ ಇದೆ ಎಂದಾಯಿತು. ಆ ಕೈಯನ್ನು ಇಲ್ಲಿಗೆ ಕಳಿಸಬಹುದಿತ್ತು.

ಸಣ್ಣ ಕಂಟ್ರಾಕ್ಟರುಗಳ ನೆಪಗಳಿಗೆ ಹೆಚ್ಚಾಗಿ ಇದೇ ಬೇರು. ಒಂದು ತಂಡ, ಮೂರು ಮನೆ. ಯಾವ ಮನೆಯವರು ಹೆಚ್ಚು ಗದ್ದಲ ಮಾಡುತ್ತಾರೋ ಆ ಮನೆಗೆ ಆ ವಾರ ತಂಡ ಹೋಗುತ್ತದೆ. ಉಳಿದವರಿಗೆ ಮಳೆ, ಮದುವೆ, ಹುಷಾರಿಲ್ಲ. ಅವನಿಗೂ ಇದರಲ್ಲಿ ಸುಖವಿಲ್ಲ. ಒಂದೇ ಮನೆ ಹಿಡಿದು ಕೂತರೆ, ಅಲ್ಲಿ ಗಾರೆ ಒಣಗುವ ದಿನಗಳಲ್ಲಿ ತಂಡಕ್ಕೆ ಕೂಲಿ ಎಲ್ಲಿಂದ ತರುವುದು? ಆದರೆ ಆ ಕಷ್ಟವನ್ನು ಅವನು ನೇರವಾಗಿ ಹೇಳಿದರೆ ದಿನಗಳನ್ನು ಹೊಂದಿಸಿಕೊಳ್ಳಬಹುದು. ಮಳೆಯ ಹೆಸರಿನಲ್ಲಿ ಹೇಳಿದರೆ ಹೊಂದಿಸಿಕೊಳ್ಳಲು ಏನೂ ಸಿಗುವುದಿಲ್ಲ.

ಕೊಳ್ಳುವ ಮೊದಲೇ ಲೋಡ್ ಆದ ಕಲ್ಲು

ಚಾಟಿನಲ್ಲಿ ದುಡ್ಡಿನ ಸಂದೇಶಗಳನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಗುರುತಿಸಿಕೊಳ್ಳುವುದು ಒಳ್ಳೆಯದು. ಶುಕ್ರವಾರ, ಶನಿವಾರ ಹಣ ಕೇಳುವುದರಲ್ಲಿ ತಪ್ಪಿಲ್ಲ, ಬಟವಾಡೆ ಇರುವುದೇ ಆಗ. ನೋಡಬೇಕಾದದ್ದು, ಹಣ ಹೋದ ಮೇಲೆ ಆ ಹಣದ ಕೆಲಸ ಶುರುವಾಯಿತೇ ಎಂದು.

ಅಡುಗೆಮನೆಯ ಕಟ್ಟೆಗೆ ಗ್ರಾನೈಟ್ ತರಿಸಲು ಮನೆಯವರು ಆಗಸ್ಟ್ 1ರಂದು ಮುಂಗಡ ಕೊಟ್ಟರು. ಆಗಸ್ಟ್ 2: ‘ಆರ್ಡರ್ ಕೊಟ್ಟಾಯ್ತು ಮೇಡಂ.’ ಆಗಸ್ಟ್ 5: ‘ಜಿಗಣಿಲಿ ಕಟಿಂಗ್ ನಡೀತಿದೆ.’ ಆಗಸ್ಟ್ 7: ‘ಲೋಡ್ ಆಗಿದೆ, ಹಗಲು ಗಾಡಿ ಒಳಗೆ ಬಿಡಲ್ಲ, ರಾತ್ರಿ ಬರುತ್ತೆ.’ ಬೆಂಗಳೂರಿನಲ್ಲಿ ದೊಡ್ಡ ಗಾಡಿಗಳಿಗೆ ಹಗಲಿನ ಹೊತ್ತು ನಿರ್ಬಂಧವಿರುವುದು ನಿಜ. ಜಿಗಣಿಯಲ್ಲಿ ಗ್ರಾನೈಟ್ ಕೊಯ್ಯುವ ಕಾರ್ಖಾನೆಗಳಿರುವುದೂ ನಿಜ. ಒಂದೊಂದು ಸಂದೇಶವನ್ನೂ ಬಿಡಿಯಾಗಿ ಓದಿದರೆ ಅನುಮಾನಕ್ಕೆ ಎಡೆಯೇ ಇಲ್ಲ. ಕಲ್ಲು ಬಂದ ಮೇಲೆ ಕೈಗೆ ಸಿಕ್ಕ ಅಂಗಡಿಯ ರಸೀದಿಯಲ್ಲಿ ಇದ್ದ ತಾರೀಖು ಆಗಸ್ಟ್ 9. ಕೊಳ್ಳುವ ಎರಡು ದಿನ ಮೊದಲೇ ಕಲ್ಲು ಲಾರಿ ಹತ್ತಿತ್ತು!

ಎಂಟು ದಿನ ಆ ಮುಂಗಡ ಎಲ್ಲಿತ್ತು? ಬಹುಶಃ ಹಿಂದಿನ ಮನೆಯ ಬಾಕಿ ತೀರಿಸಲು ಹೋಗಿತ್ತು. ಈ ಮನೆಯ ಹಣ ಆ ಮನೆಗೆ, ಮುಂದಿನ ಮನೆಯ ಹಣ ಈ ಮನೆಗೆ ಎಂದು ತಿರುಗಿಸುವುದು ಈ ಕಸುಬಿನ ಹಳೆಯ ರೋಗ. ಚಾಟಿನಲ್ಲಿ ಅದರ ಲಕ್ಷಣ ಹೀಗಿರುತ್ತದೆ: ಸಾಮಾನು ‘ಬರ್ತಾ ಇದೆ’ ಎಂಬ ಮಾತು ದಿನ ದಿನ ಒಂದೊಂದು ಹೆಜ್ಜೆ ಮುಂದೆ ಬರುತ್ತದೆ, ಆದರೆ ಬಿಲ್ಲು, ಗಾಡಿ ನಂಬರು, ಅಂಗಡಿಯ ಹೆಸರು ಯಾವುದೂ ಬರುವುದಿಲ್ಲ. ನಿಜವಾಗಿ ಆರ್ಡರ್ ಕೊಟ್ಟವನ ಜೇಬಿನಲ್ಲಿ ಒಂದು ಚೀಟಿ ಇರುತ್ತದೆ, ಅದರ ಫೋಟೊ ಕಳಿಸಲು ಒಂದು ನಿಮಿಷ ಸಾಕು. ಇದಕ್ಕೆ ಮದ್ದೂ ಸುಲಭ. ದೊಡ್ಡ ಸಾಮಾನಿನ ಹಣವನ್ನು ಅಂಗಡಿಗೇ ನೇರವಾಗಿ ಕಟ್ಟಿ, ಕೂಲಿಯ ಹಣವನ್ನು ಮಾತ್ರ ಕಂಟ್ರಾಕ್ಟರಿಗೆ ಕೊಡುವುದು.

ಫೋಟೊ ಬಂದರೂ ಒಂದು ಎಚ್ಚರ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕಾಣುವ ಸಮಯ ಫೋಟೊ ಕಳಿಸಿದ ಸಮಯ, ತೆಗೆದದ್ದಲ್ಲ. ನಿಮ್ಮ ಕಲ್ಲಿನದೆಂದು ಬಂದ ಫೋಟೊ ಹೋದ ವರ್ಷದ ಇನ್ನಾರದೋ ಕಲ್ಲಾಗಿರಬಹುದು. ಸಂಶಯವಿದ್ದರೆ ಜಗಳ ಬೇಡ, ಎರಡು ನಿಮಿಷದ ವಿಡಿಯೊ ಕಾಲ್ ಸಾಕು.

ನಮ್ಮ ಪಾಲಿನ ದಿನಗಳು

ಇಷ್ಟು ಹೊತ್ತು ಕಂಟ್ರಾಕ್ಟರನ ಸಾಲುಗಳನ್ನೇ ಓದಿದೆವು. ಚಾಟಿನ ಇನ್ನೊಂದು ಬದಿಯನ್ನೂ ಅಷ್ಟೇ ಗಟ್ಟಿಯಾಗಿ ಓದಬೇಕು. ಜೂನ್ 15ಕ್ಕೆ ಟೈಲ್ಸ್ ಆರಿಸಿ ಹೇಳುತ್ತೇವೆ ಎಂದಿದ್ದ ಮನೆಯವರು ಅಂತಿಮಗೊಳಿಸಿದ್ದು 24ಕ್ಕೆ. ನಡುವೆ ಮೂರು ಸಲ ‘ಭಾನುವಾರ ಅಂಗಡಿಗೆ ಹೋಗಿ ಹೇಳ್ತೀವಿ’. ಇದಕ್ಕೂ ‘ನಾಳೆ ಪಕ್ಕಾ’ಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಆದರೆ ಇಲ್ಲಿಯೂ ಅದೇ ಅಳತೆಗೋಲು. ಕಂಟ್ರಾಕ್ಟರ್ ‘ಟೈಲ್ಸಿಗೇ ಒಂಬತ್ತು ದಿನ ನೀವೇ ಲೇಟ್ ಮಾಡಿದ್ರಿ’ ಎನ್ನುತ್ತಾನೆ. ಆ ಒಂಬತ್ತು ದಿನವೂ ಕೆಲಸ ನಿಂತಿರಲಿಲ್ಲ. ಪ್ಲಂಬಿಂಗ್, ಗಾರೆ, ವಾಟರ್‌ಪ್ರೂಫಿಂಗ್ ನಡೆಯುತ್ತಿತ್ತು. ಟೈಲ್ಸ್ ಬೇಕಾದದ್ದು ಜುಲೈ 1ಕ್ಕೆ, ಮನೆಗೆ ಬಂದದ್ದು ಜುಲೈ 4ಕ್ಕೆ. ನಿಜವಾಗಿ ನಷ್ಟವಾದದ್ದು ಮೂರು ದಿನ. ಆಗಸ್ಟಿನಲ್ಲಿ ಮಾತ್ರ ಮನೆಯವರದ್ದೇ ತಪ್ಪು. ಒಂದು ತೊಟ್ಟಿಯ ಸಿಂಕ್ ಬೇಡ, ಎರಡು ತೊಟ್ಟಿಯದು ಬೇಕು ಎಂದು ಕಲ್ಲು ಬಂದ ಮೇಲೆ ಬದಲಿಸಿದರು. ಕಲ್ಲಿನ ಕಂಡಿ ಮತ್ತೆ ಕೊಯ್ಯಿಸಿ, ಹೊಸ ಸಿಂಕ್ ತರಿಸಿ ಕೂಡಿಸಲು ಐದು ದಿನ ಹೋಯಿತು. ಒಟ್ಟು ಎಂಟು ದಿನ ಮನೆಯವರ ಪಾಲು.

ಜುಲೈ ಕೊನೆಯ ಇನ್ನೊಂದು ನಾಲ್ಕು ದಿನವೂ ಗಮನಕ್ಕೆ ಬರಬೇಕಾದದ್ದು. ಎರಡನೇ ಬಾತ್‌ರೂಮಿನಲ್ಲಿ ನೀರು ಕಟ್ಟಿದಾಗ ಕೆಳಮನೆಯ ಚಾವಣಿಯ ಮೂಲೆಯಲ್ಲಿ ತೇವ ಕಂಡಿತು. ಕಂಟ್ರಾಕ್ಟರ್ ತಾನಾಗಿಯೇ ಫೋಟೊ ಹಾಕಿ, ‘ಟ್ರ್ಯಾಪ್ ಹತ್ರ ಲೀಕ್ ಇದೆ, ಬಿಚ್ಚಿ ಮತ್ತೆ ಮಾಡ್ತೀನಿ, ನಾಲ್ಕು ದಿನ ಆಗುತ್ತೆ’ ಎಂದ. ನಾಲ್ಕೇ ದಿನದಲ್ಲಿ ಮುಗಿಸಿದ. ಇದು ನೆಪವಲ್ಲ, ಅಪ್ಪಟ ಕಾರಣ. ಆದರೂ ಆ ದಿನಗಳ ಹೊಣೆ ಅವನದೇ, ಕೆಲಸ ಮೊದಲ ಸಲ ಸರಿಯಾಗಿರಲಿಲ್ಲ. ಕಾರಣ ನಿಜವೇ ಎಂಬುದು ಒಂದು ಪ್ರಶ್ನೆ, ಹೊಣೆ ಯಾರದು ಎಂಬುದು ಇನ್ನೊಂದು. ಎರಡನ್ನೂ ಕಲಸಿದರೆ ತಪ್ಪೊಪ್ಪಿಕೊಂಡ ಕಂಟ್ರಾಕ್ಟರಿಗೆ ಬೈಗುಳ, ನುಣುಚಿಕೊಂಡವನಿಗೆ ಕ್ಷಮೆ ಸಿಗುತ್ತದೆ.

ಈಗ ಕೂಡಿಸಿ ನೋಡೋಣ. ಪೈಪಿನ ಏಳು, ಹೊರಗೋಡೆಯ ಮಳೆಯ ಎರಡು, ಒಟ್ಟು ಒಂಬತ್ತು ದಿನ ಯಾರ ತಪ್ಪೂ ಅಲ್ಲದ್ದು. ಎಂಟು ದಿನ ಮನೆಯವರದ್ದು. ಸೋರಿಕೆಯ ನಾಲ್ಕು ದಿನ ಕಂಟ್ರಾಕ್ಟರನದ್ದು, ಕಾರಣ ಒಪ್ಪಿಕೊಂಡದ್ದು. ಉಳಿದ ಇಪ್ಪತ್ತು ದಿನಕ್ಕೆ ಬರೀ ಮಾತು: ಒಳಗಿನ ಕೆಲಸಕ್ಕೆ ಮಳೆಯ ಹೆಸರಿನಲ್ಲಿ ಮೂರು, ಮೇಸ್ತ್ರಿಯ ಹೆಸರಿನಲ್ಲಿ ಒಂಬತ್ತು, ಗ್ರಾನೈಟಿನ ಹೆಸರಿನಲ್ಲಿ ಎಂಟು. ‘ನಲವತ್ತೊಂದು ದಿನ ಸತಾಯಿಸಿದ’ ಎಂಬ ಮನೆಯವರ ಮಾತೂ ಸರಿಯಲ್ಲ, ‘ಎಲ್ಲಾ ಮಳೆ, ನೀವು ಬೇರೆ ಸಿಂಕ್ ಬದಲಾಯಿಸಿದ್ರಿ’ ಎಂಬ ಅವನ ಮಾತೂ ಸರಿಯಲ್ಲ.

‘ಓಕೆ’ ಎನ್ನುವ ಮೊದಲು

ಈ ಲೆಕ್ಕವನ್ನು ಕೊನೆಯಲ್ಲಿ ಮಾಡುವುದಕ್ಕಿಂತ ಕೆಲಸ ನಡೆಯುವಾಗಲೇ ಚಾಟಿನಲ್ಲಿ ಮಾಡುತ್ತ ಹೋದರೆ ನೆಪಗಳಿಗೆ ಜಾಗ ಕಡಿಮೆ. ಹೆಚ್ಚಿನವರು ಕಂಟ್ರಾಕ್ಟರನ ಸಂದೇಶಕ್ಕೆ ಹೆಬ್ಬೆರಳು ಒತ್ತಿಯೋ ‘ಓಕೆ’ ಎಂದೋ ಸುಮ್ಮನಾಗುತ್ತಾರೆ. ಫೋನಿನಲ್ಲಿ ಕೂಗಾಡಿರುತ್ತಾರೆ, ಆದರೆ ಚಾಟಿನಲ್ಲಿ ಉಳಿಯುವುದು ಹೆಬ್ಬೆರಳು ಮಾತ್ರ. ಇದರಲ್ಲಿ ಕಾನೂನಿನ ಒಂದು ತೊಡಕೂ ಇದೆ. ಭಾರತೀಯ ಕರಾರು ಕಾಯ್ದೆ, 1872ರ 55ನೇ ಕಲಮಿನ ಪ್ರಕಾರ, ಹೊತ್ತಿಗೆ ಮುಗಿಸುವುದೇ ಮುಖ್ಯವೆಂದು ಒಪ್ಪಿಕೊಂಡ ಕೆಲಸವನ್ನು ತಡವಾಗಿ ಸ್ವೀಕರಿಸಿದವರು, ಸ್ವೀಕರಿಸುವಾಗಲೇ ಪರಿಹಾರ ಕೇಳುವ ಉದ್ದೇಶವನ್ನು ತಿಳಿಸಿರದಿದ್ದರೆ, ಆಮೇಲೆ ಆ ತಡಕ್ಕೆ ಪರಿಹಾರ ಕೇಳುವಂತಿಲ್ಲ. ಹಾಗಾಗಿ ಒಪ್ಪಂದದಲ್ಲೇ ಮುಗಿಸುವ ತಾರೀಖನ್ನು ಬರೆಸಬೇಕು, ಅದು ಮೀರಿದಾಗಲೂ ಬರೆದೇ ಹೇಳಬೇಕು.

ಬರೆಯುವುದಕ್ಕೆ ವಕೀಲರ ಭಾಷೆ ಬೇಕಿಲ್ಲ. ಜುಲೈ 15ರ ಸಂಜೆ ಮನೆಯವರು ಹೀಗೆ ಕಳಿಸಿದ್ದರೆ ಸಾಕಿತ್ತು: ‘ಇವತ್ತಿಂದ ಟೈಲ್ಸ್ ಕೆಲಸ ನಿಂತಿದೆ. ನೀವು ಹೇಳಿದ ಕಾರಣ ಮೇಸ್ತ್ರಿ ರಜೆ. 18ಕ್ಕೆ ಶುರು ಮಾಡ್ತೀವಿ ಅಂದಿದ್ದೀರಿ. ಅವತ್ತು ಆಗದಿದ್ರೆ ಬದಲಿ ಮೇಸ್ತ್ರಿ ಕಳಿಸಿ. ಮುಗಿಸೋ ತಾರೀಖು ಜುಲೈ 17 ಅಂತ ಮಾತಾಗಿತ್ತು, ತಡದ ನಷ್ಟದ ಬಗ್ಗೆ ಆಮೇಲೆ ಮಾತಾಡ್ತೀವಿ.’ ಇಲ್ಲಿ ಬೈಗುಳವಿಲ್ಲ, ಸುಳ್ಳು ಹೇಳುತ್ತಿದ್ದೀರಿ ಎಂಬ ಆಪಾದನೆಯಿಲ್ಲ. ಫೋನಿನಲ್ಲಿ ಮಾತಾದ ಮೇಲೂ ಅದರ ಸಾರವನ್ನು ಹೀಗೇ ಎರಡು ಸಾಲಿನಲ್ಲಿ ಕಳಿಸಬೇಕು. ನಿಮ್ಮ ಕಡೆಯಿಂದ ತಡವಾದ ದಿನವೂ ಅಷ್ಟೇ: ‘ಸಿಂಕ್ ಬದಲಾಯಿಸ್ತಿದ್ದೀವಿ, ಇದರಿಂದಾಗೋ ತಡ ನಮ್ಮದು, ಎಷ್ಟು ದಿನ ಅಂತ ಹೇಳಿ.’ ನಿಮ್ಮ ದಿನಗಳನ್ನು ನೀವೇ ಒಪ್ಪಿಕೊಂಡರೆ ಅವನ ದಿನಗಳನ್ನು ಅವನು ಒಪ್ಪಿಕೊಳ್ಳುವುದು ಸುಲಭವಾಗುತ್ತದೆ.

ಮಾತು ಮುರಿದುಬಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ಆಗ ಈ ಚಾಟೇ ಮುಖ್ಯ ದಾಖಲೆಯಾಗುತ್ತದೆ. ಆದ್ದರಿಂದ ಕಡತವಾಗಿ ತೆಗೆದಿಟ್ಟುಕೊಂಡರೂ ಮೂಲ ಚಾಟನ್ನು ಮೊಬೈಲಿನಿಂದ ಅಳಿಸಬಾರದು. ಆದರೆ ಬಾತ್‌ರೂಂ ರಿಪೇರಿಯ ಜಗಳಗಳಲ್ಲಿ ಬಹುಪಾಲು ಆಯೋಗದ ತನಕ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಅವು ಕೊನೆಯ ಕಂತಿನ ಹೊತ್ತಿಗೆ ಊಟದ ಮೇಜಿನ ಮೇಲೇ ಇತ್ಯರ್ಥವಾಗುತ್ತವೆ. ಆ ಕಂತನ್ನು ಕೆಲಸ ಪೂರ್ತಿ ಮುಗಿಯುವ ತನಕ ಕೈಯಲ್ಲಿಟ್ಟುಕೊಂಡಿರಬೇಕು, ಎದುರಿಗೆ ನಾಲ್ಕು ಕಾಲಂನ ನೋಟ್‌ಬುಕ್ ಇರಬೇಕು. ಪೈಪಿನ ಏಳು ದಿನಕ್ಕೆ ಅವನಿಗೆ ಒಂದು ಮಾತೂ ಅನ್ನಬೇಡಿ. ಸಿಂಕಿನ ಐದು ದಿನಕ್ಕೆ ಕಂಡಿ ಮತ್ತೆ ಕೊಯ್ಯಿಸಿದ ಕೂಲಿಯನ್ನು ಅವನು ಕೇಳುವ ಮೊದಲೇ ಕೊಡಿ. ಆಮೇಲೆ ಆಗಸ್ಟ್ 7ರ ಸಂದೇಶವನ್ನೂ ಆಗಸ್ಟ್ 9ರ ರಸೀದಿಯನ್ನೂ ಅಕ್ಕಪಕ್ಕ ಇಟ್ಟು, ಉಳಿದ ಇಪ್ಪತ್ತು ದಿನಕ್ಕೆ ಬಿಲ್ಲಿನಲ್ಲಿ ಎಷ್ಟು ಕಡಿಮೆ ಮಾಡುತ್ತೀರಿ ಎಂದು ಕೇಳಿ.